ಜರ್ಮನಿಗೆ ಹೋದ ತಂಗಿ, ಬಿಟ್ಟ ಲೆಕ್ಚರರ್ ಕೆಲಸ, ಮನ್ಯಾಗ ದಿನಾ ಜಗಳ: ಎಲ್ಲಿಂದ ಸರಿ ಮಾಡೋದು?

ವಿದ್ಯಾಗಿರಿ ಅಕ್ಕ (ಬಾಗಲಕೋಟೆ)

ಎಲ್ಲಾರಿಗೂ ನಮಸ್ಕಾರ್ರಿ. ನನ್ನ ತಂಗಿ ವಿಷಯ ಕೇಳಬೇಕಾಗೇತಿ. ಆಕಿ ಬೆಳಗಾವಿಯೊಳಗ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನ್ಯಾಗ ಸಿವಿಲ್ ಲೆಕ್ಚರರ್ ಇದ್ದಳು. ವಿಟಿಯು ಎಂ.ಟೆಕ್, ಸ್ಟ್ರಕ್ಚರ್ಸ್, ಆರು ವರ್ಷ ಪಾಠ ಮಾಡ್ಯಾಳ. ಗಂಡಗ ಬ್ಲೂ ಕಾರ್ಡ್ ಅನ್ನೂ ಓದಿದವರ ಕೆಲಸದ ಪರವಾನಗಿ ಮ್ಯಾಲೆ ಜರ್ಮನಿ ಕೆಲಸ ಸಿಕ್ತು, ರಾಜೀನಾಮೆ ಕೊಟ್ಟು ಜೋಡಿ ಹೋದಳು. ಸ್ಟುಟ್‌ಗಾರ್ಟ್ ಸಮೀಪ ಒಂದು ಸಣ್ಣ ಊರಾಗ ಅದಾರ. ಹೋಗಿ ಹತ್ತು ತಿಂಗಳಾತು. ಅವನ ಆಫೀಸ್ನ್ಯಾಗ ಎಲ್ಲಾ ಇಂಗ್ಲಿಷ್. ಈಕಿಗೆ ಜರ್ಮನ್ ಅಂದ್ರ ಮೊಬೈಲ್ ಆ್ಯಪ್‌ನ್ಯಾಗ ಕಲತಷ್ಟು.

ಮೊದಲ ತಿಂಗಳು ಚೆಂದ ಇದ್ರು. ಈಗ ಅವ "ಮನ್ಯಾಗ ಖಾಲಿ ಇರ್ತಿ, ಇಷ್ಟೂ ಆಗೂದಿಲ್ಲೇನು" ಅಂತಾನ, ಈಕಿ "ನೀನ ಕರಕೊಂಡು ಬಂದಿ" ಅಂತಾಳ. ಅಂಗಡಿ ಬಿಲ್ ಬಂದಾಗೊಮ್ಮೆ ಜಗಳ. ಈಗೀಗ ನಮ್ಮ ಫೋನೂ ಎತ್ತೂದಿಲ್ಲ. ಅವ್ವ "ಹೊಂದ್ಕೊಂಡು ಹೋಗವ್ವ" ಅಂತಾಳ, ಅಪ್ಪ "ಕರಿಸಿಬಿಡ್ರಿ" ಅಂತಾನ. ಹುಡುಗ ಕೆಟ್ಟವ ಅಲ್ರಿ. ತಿಳಿದವರು ಹೇಳ್ರಿ.

ಗೋಕಾಕ ನಾಕಾ

ಅಕ್ಕಾರ, ಅವರಿಗೆ ಕೆಲಸ ಮಾಡಾಕ ಪರವಾನಗಿನ ಇರೂದಿಲ್ಲ, ಅದಕ್ಕ ತ್ರಾಸ. ಗಂಡನ ಗ್ರೀನ್ ಕಾರ್ಡ್ ಕಾಗದ ಒಂದು ಹಂತ ದಾಟಬೇಕು, ಆಮ್ಯಾಲೆ ಹೆಂಡತಿ ಬ್ಯಾರೆ ಅರ್ಜಿ ಹಾಕಬೇಕು. ಅಲ್ಲೀತನಕ ಕಾಯೂದು ಬಿಟ್ರ ದಾರಿ ಇಲ್ಲ. ನಮ್ಮ ಕಾಕಾನ ಸೊಸಿ ಟೆಕ್ಸಾಸ್‌ನ್ಯಾಗ ಇದನ್ನ ಅನುಭವಿಸ್ಯಾಳ.

ಮಲಪ್ರಭಾ ದಂಡೆ (ಸ್ಟುಟ್‌ಗಾರ್ಟ್, ಮೂಲ ಸವದತ್ತಿ)

ನೀವು ಹೇಳಿದ್ದು ಅಮೆರಿಕದಲ್ಲಿ ಹೆಂಡತಿಗೆ ಕೊಡುವ ಎಚ್-4 ವೀಸಾದ ನಿಯಮ, ಅಲ್ಲಿ ಅದು ನಿಜ. ಎಚ್-1ಬಿ ಗಂಡನ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾದ ಮೇಲೆ ಹೆಂಡತಿ ಐ-765 ಅರ್ಜಿ ಹಾಕಿ ಕೆಲಸದ ಪರವಾನಗಿ ಪಡೆಯುವ ದಾರಿ 2015ರಿಂದ ಇದೆ. ಜರ್ಮನಿಯ ಬ್ಲೂ ಕಾರ್ಡಿನವರ ಹೆಂಡತಿಗೆ ಮೊದಲ ದಿನದಿಂದಲೇ ಯಾವ ಕೆಲಸ ಬೇಕಾದರೂ ಮಾಡುವ ಹಕ್ಕಿರುತ್ತದೆ. ಅವರ ಕಾರ್ಡಿನ ಮೇಲೆ 'ಎರ್ವೆರ್ಬ್ಸ್‌ಟೇಟಿಗ್‌ಕೈಟ್ ಎರ್ಲೌಬ್ಟ್', ಅಂದರೆ ಕೆಲಸಕ್ಕೆ ಅನುಮತಿ ಇದೆ, ಎಂದು ಬರೆದಿರುತ್ತದೆ, ನೋಡಲು ಹೇಳಿ.

ಅಕ್ಕಾರ, ತ್ರಾಸದ ಬೇರು ಬೇರೆ ಕಡೆ ಇದೆ. ಬೇರೆ ವೀಸಾಗಳಲ್ಲಿ ಗಂಡನ ಹಿಂದೆ ಬರುವ ಹೆಂಡತಿ ಸಾಮಾನ್ಯವಾಗಿ ಭಾರತದಲ್ಲೇ ಜರ್ಮನ್ ಭಾಷೆಯ ಮೊದಲ ಮಟ್ಟದ ಎ1 ಪರೀಕ್ಷೆ ಪಾಸಾಗಿ ಬರಬೇಕು. ಬ್ಲೂ ಕಾರ್ಡಿನವರಿಗೆ ಆ ಷರತ್ತು ಇಲ್ಲ. ಸರಕಾರ ಅನುಕೂಲ ಅಂತ ಕೊಟ್ಟದ್ದು ಇದು. ಆದರೆ ಓದಿದ ಹೆಣ್ಣುಮಕ್ಕಳು ಒಂದು ಅಕ್ಷರ ಜರ್ಮನ್ ಇಲ್ಲದೆ ಬಂದು ಇಳಿಯುತ್ತಾರೆ. ಗಂಡನಿಗೆ ಆಫೀಸಿನಲ್ಲಿ ಜರ್ಮನ್ ಬೇಕಿಲ್ಲ, ಅವನೂ ಕಲಿಯುವುದಿಲ್ಲ. ಸಾಫ್ಟ್‌ವೇರಿನವರಿಗೆ ಇದು ನಡೆದುಹೋಗುತ್ತದೆ. ಸಿವಿಲ್‌ನಲ್ಲಿ ನಡೆಯುವುದಿಲ್ಲ. ಕಟ್ಟಡ ವಿನ್ಯಾಸದ ಆಫೀಸಿನವರು ಊರಿನ ಕಟ್ಟಡ ಇಲಾಖೆ ಜೋಡಿ, ಸೈಟಿನವರ ಜೋಡಿ ದಿನಾ ಜರ್ಮನ್‌ನಲ್ಲೇ ವ್ಯವಹಾರ ಮಾಡಬೇಕು, ಹಾಗಾಗಿ ನಾಲ್ಕನೇ ಮಟ್ಟದ ಬಿ2 ಕೇಳುತ್ತಾರೆ.

ಈಗ ತುರ್ತಿನ ಮಾತು. ನಿಮ್ಮ ತಂಗಿಯ ವಾಸ್ತವ್ಯದ ಕಾರ್ಡ್ ಯಾವ ತಾರೀಖಿನದು? ವಿಮಾನ ಇಳಿದ ದಿನ ಬೇಡ, ಆ ಪರವಾನಗಿ ಕೊಟ್ಟ ದಿನ ಬೇಕು. ಕುಟುಂಬದ ಜೋಡಿ ಬಂದವರಿಗೆ ಭಾಷೆ ಮತ್ತು ದೇಶದ ಪರಿಚಯ ಕಲಿಸುವ ಸರಕಾರಿ ಇಂಟಿಗ್ರೇಷನ್ ಕೋರ್ಸಿನ ಹಕ್ಕು ಆ ದಿನದಿಂದ ಒಂದು ವರ್ಷ ಮಾತ್ರ ಇರುತ್ತದೆ. ದಾಟಿದರೆ ಜಾಗ ಉಳಿದಿದ್ದರೆ ಕೊಡ್ರಿ ಅಂತ ಬಾಮ್ಫ್ ಎಂಬ ವಲಸೆಯ ಕೇಂದ್ರ ಕಚೇರಿಗೆ ಅರ್ಜಿ ಹಾಕಬೇಕು, ಈಗೀಗ ಅದು ಬಹಳ ಬಿಗಿಯಾಗಿದೆ.

ವಿದ್ಯಾಗಿರಿ ಅಕ್ಕ

ಅಂಥಾ ಹಕ್ಕೈತಿ ಅಂತ ಅವರಿಬ್ಬರಿಗೂ ಗೊತ್ತಿರಲಿಕ್ಕಿಲ್ರಿ. ಯಾರು ಹೇಳಬೇಕಿತ್ತು ಇದನ್ನ?

ಮಲಪ್ರಭಾ ದಂಡೆ

ಕಾರ್ಡ್ ಕೊಡುವ ವಿದೇಶಿಯರ ಕಚೇರಿಯವರು ಒಂದು ಹಾಳೆ ಕೊಡುತ್ತಾರೆ, 'ಬೆರೆಷ್ಟಿಗುಂಗ್', ಅಂದರೆ ಹಕ್ಕು, ಅಂತ ತಲೆಬರಹದಲ್ಲಿ ಇರುತ್ತದೆ. ಪೂರ್ತಿ ಜರ್ಮನ್‌ನಲ್ಲಿ ಇರುವುದರಿಂದ ಉಳಿದ ಕಾಗದದ ಜೋಡಿ ಫೈಲಿಗೆ ಸೇರಿಬಿಡುತ್ತದೆ. ಎಲ್ಲರಿಗೂ ಕೊಡುತ್ತಾರೆ ಅಂತಲ್ಲ. ಡಿಗ್ರಿ ಇದ್ದವರು ತಾವೇ ಕಲಿಯುತ್ತಾರೆ ಅಂತ ಬಿಟ್ಟುಬಿಡುವುದೂ ಉಂಟು. ಮೊದಲು ಫೈಲು ಹುಡುಕಲಿ. ಸಿಗದಿದ್ದರೆ ಕಚೇರಿಗೆ ಇಮೇಲ್ ಬರೆದು ಕೇಳಲಿ. ಬರೆದು ಕೇಳಿದರೆ ತಾರೀಖಿಗೆ ಸಾಕ್ಷಿ ಉಳಿಯುತ್ತದೆ.

ಕೋರ್ಸಿನ ಲೆಕ್ಕ ಹೀಗಿದೆ. ಭಾಷೆಗೆ 600 ಪಾಠ, ದೇಶದ ಪರಿಚಯಕ್ಕೆ 100 ಪಾಠ, ಒಂದೊಂದು 45 ನಿಮಿಷ. ವಾರಕ್ಕೆ 25 ಪಾಠದ ಬ್ಯಾಚು ಸಿಕ್ಕರೆ 28 ವಾರ. ನಡುವಿನ ರಜೆ, ಬ್ಯಾಚಿಗೆ ಕಾಯುವುದು ಎಲ್ಲ ಸೇರಿ ಎಂಟೊಂಬತ್ತು ತಿಂಗಳು ಹಿಡಿಯಿರಿ. ಪಾಠಕ್ಕೆ 2.29 ಯೂರೋದಂತೆ ಒಟ್ಟು 1,603 ಯೂರೋ ನಾವು ಕಟ್ಟಬೇಕು, ಉಳಿದದ್ದು ಸರಕಾರದ್ದು. ಹಕ್ಕಿನ ಹಾಳೆ ಸಿಕ್ಕ ಎರಡು ವರ್ಷದೊಳಗೆ ಪರೀಕ್ಷೆ ಪೂರ್ತಿ ಪಾಸಾದರೆ ಕಟ್ಟಿದ್ದರಲ್ಲಿ ಅರ್ಧ ವಾಪಸ್ ಕೇಳಬಹುದು. ಕೊನೆಗೆ ಬಿ1 ಮಟ್ಟ ಬರುತ್ತದೆ. ಬಿ2ಗೆ ಉದ್ಯೋಗದ ಭಾಷಾ ಕೋರ್ಸ್ ಬೇರೆ ಇದೆ, 400 ಪಾಠದ ಮೇಲೆ. ಅದಕ್ಕೆ ಉದ್ಯೋಗ ಕಚೇರಿಯಲ್ಲಿ ಕೆಲಸ ಹುಡುಕುವವಳು ಅಂತ ಹೆಸರು ಹಚ್ಚಬೇಕು. ಭತ್ಯೆ ಸಿಗದಿದ್ದರೂ ಹೆಸರು ಹಚ್ಚಬಹುದು.

ಅಂದರೆ ಇವತ್ತು ಶುರು ಮಾಡಿದರೂ ಅವರ ಓದಿಗೆ ತಕ್ಕ ಕೆಲಸಕ್ಕೆ ಒಂದೂವರೆ ವರ್ಷ. ಗಂಡ ಹೆಂಡತಿ ಇಬ್ಬರೂ ಈ ಅಂಕಿಯನ್ನು ಕೂತು ನೋಡಬೇಕು. ಅವನು "ಆರು ತಿಂಗಳಲ್ಲಿ ಕೆಲಸ ಸಿಗಬೇಕಿತ್ತು" ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಅವಳು ಸೋಮಾರಿ ಹಾಗೆ ಕಾಣುತ್ತಾಳೆ. ಅವಳೂ ಅದನ್ನೇ ನಂಬಿದ್ದರೆ ತನ್ನಲ್ಲೇ ಏನೋ ಕೊರತೆ ಅಂತ ಕುಗ್ಗುತ್ತಾಳೆ.

ಶಾಪೂರ ಸೀರಿ (ಬೆಳಗಾವಿ)

ಇಷ್ಟೆಲ್ಲಾ ಯಾಕ್ರಿ? ಹೊಸ ಊರು, ಹೊಸ ಸಂಸಾರ. ಒಂದು ಕೂಸು ಆತಂದ್ರ ಮನಸ್ಸು ಅದರಾಗ ಹೋಗ್ತದ, ಜಗಳ ತಾನ ನಿಲ್ತದ.

ಕೃಷ್ಣಾ ತೀರ

ವೈನಿ, ನಿಮ್ಮ ಮಾತಿನ್ಯಾಗ ಕೆಟ್ಟ ಭಾವನಾ ಇಲ್ಲ ಅಂತ ಗೊತ್ತದ. ಆದ್ರ ಇಲ್ಲಿ ಅದು ಉಲ್ಟಾ ಹೊಡೀತದ. ಬಾಣಂತನಕ್ಕ ಅವ್ವ ಬಂದ್ರ ಷೆಂಗೆನ್ ಪ್ರವಾಸಿ ವೀಸಾ ಮ್ಯಾಲೆ 90 ದಿನ ಅಷ್ಟ. ಆಮ್ಯಾಲೆ ಕೂಸಿನ ಜೋಡಿ ಆಕಿ ಒಬ್ಬಾಕಿ. ಕಿಟಾ, ಅಂದ್ರ ನಮ್ಮ ಅಂಗನವಾಡಿ ಹಂಗ, ಅದರಾಗ ಸಣ್ಣ ಕೂಸಿಗೆ ಜಾಗ ಸಿಗೂದು ಬಹಳ ಕಠಿಣ. ಭಾಷಾ ಕೋರ್ಸು ಅಲ್ಲಿಗೇ ನಿಲ್ತದ. ಕೂಸು ಬೇಕಂದ್ರ ಬೇಕು, ಅದು ಅವರಿಬ್ಬರ ಮಾತು. ಜಗಳಕ್ಕ ಔಷಧ ಅಂತ ಬ್ಯಾಡ.

ಸಿದ್ಧೇಶ್ವರ ರಸ್ತೆ (ವಿಜಯಪುರ)

ನಂದು ಉಲ್ಟಾ ಕೇಸ್. ಹೆಂಡತಿ ನರ್ಸ್, ಆಕಿ ಮೊದಲ ಬಿ2 ಮುಗಿಸಿ ಹೋದಳು, ನಾ ಬ್ಯಾಂಕ್ ಕೆಲಸ ಬಿಟ್ಟು ಹಿಂದ ಹೋದೆ. ಆಕಿಗೆ ಭಾಷಾ ಬರ್ತದ, ನನಗ ಬರೂದಿಲ್ಲ. ಡಾಕ್ಟರ್, ಬ್ಯಾಂಕ್, ಮನಿ ಮಾಲೀಕ ಎಲ್ಲಾ ಆಕಿನ ಮಾತಾಡೂದು. ಗಂಡಸು ಆದವಗ ಊರಾಗಿಂದ "ಏನ್ ಮಾಡ್ತಿ ಈಗ?" ಅಂತ ಕೇಳೂದು ಇನ್ನೂ ಕೆಟ್ಟ. ಅದಕ್ಕ ಅಕ್ಕಾರಿಗೆ ಒಂದ ಮಾತು: ಐತವಾರಕ್ಕೊಮ್ಮೆ ಫೋನ್ ಮಾಡಿ "ಕೆಲಸ ಸಿಕ್ತೇನು?" ಅಂತ ಕೇಳ್ತಿದ್ರ ಬಿಡ್ರಿ. ಫೋನ್ ಎತ್ತದಿರೂದಕ್ಕ ಅರ್ಧ ಕಾರಣ ಅದ.

ಲೆಕ್ಕದ ಮಾಸ್ತರ

ಬಿಲ್ಲಿನ ಜಗಳದ ಬಗ್ಗೆ ಬರೆಯುತ್ತೇನೆ, ಅದನ್ನು ಯಾರೂ ಮುಟ್ಟಿಲ್ಲ.

ಬೆಳಗಾವಿಯಲ್ಲಿ ಆಕೆಯ ಪಗಾರ ಆಕೆಯ ಖಾತೆಗೆ ಬರುತ್ತಿತ್ತು. ತವರಿಗೆ ಏನಾದರೂ ಕೊಡುವುದಿದ್ದರೆ ಯಾರನ್ನೂ ಕೇಳಬೇಕಿರಲಿಲ್ಲ. ಅಲ್ಲಿ ಖಾತೆ ಗಂಡನದು, ಈಕೆಯ ಕೈಯಲ್ಲಿ ಅದೇ ಖಾತೆಯ ಇನ್ನೊಂದು ಕಾರ್ಡ್. ಈಕೆ ಕಾರ್ಡ್ ಉಜ್ಜಿದ ಕೂಡಲೇ ಅವನ ಮೊಬೈಲಿಗೆ ಸಂದೇಶ ಹೋಗುತ್ತದೆ: ಸೂಪರ್ ಮಾರ್ಕೆಟ್ 43 ಯೂರೋ. ಅವನು ಸುಮ್ಮನೆ "ಏನು ತಗೊಂಡಿ?" ಅಂತಾನೆ. ಲೆಕ್ಕ ಕೇಳಿದ ಹಾಗೆ ಇವಳಿಗೆ ಕೇಳುತ್ತದೆ. ಅವನ ತಪ್ಪಿಲ್ಲ, ಖಾತೆಯ ರಚನೆಯೇ ಹಾಗಿದೆ.

ಮೂರು ಖಾತೆ ಮಾಡಲಿ. ಪಗಾರ ಜಂಟಿ ಖಾತೆಗೆ ಬರಲಿ, ಬಾಡಿಗೆ, ವಿಮೆ, ಕಿರಾಣಿ ಅಲ್ಲಿಂದ ಹೋಗಲಿ. ಪ್ರತಿ ತಿಂಗಳು ಒಂದನೇ ತಾರೀಖು ಇಬ್ಬರ ಸ್ವಂತ ಖಾತೆಗೂ ಒಂದೇ ಮೊತ್ತ ತಾನಾಗಿ ವರ್ಗವಾಗಲಿ. ಮೊತ್ತ ಸಣ್ಣದಿದ್ದರೂ ನಡೆಯುತ್ತದೆ, ಇಬ್ಬರಿಗೂ ಸಮ ಇರಬೇಕು. ಆ ದುಡ್ಡಿನ ಲೆಕ್ಕ ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಕೋರ್ಸಿನ 1,603 ಯೂರೋ ಆಕೆಯ ಪಾಲಿನಿಂದ ಬೇಡ, ಜಂಟಿ ಖಾತೆಯಿಂದಲೇ ಹೋಗಲಿ. ಇಡೀ ಮನೆಯ ಗಳಿಕೆಗೆ ಹಾಕುವ ಬಂಡವಾಳ ಅದು.

ಎರಡನೆಯದು ತೆರಿಗೆ ವರ್ಗ. ಹೆಂಡತಿಗೆ ಗಳಿಕೆ ಇಲ್ಲದಿದ್ದಾಗ ಗಂಡ 3, ಹೆಂಡತಿ 5 ಅಂತ ಇಡುತ್ತಾರೆ, ತಿಂಗಳ ಕೈಗೆ ಬರುವುದು ಜಾಸ್ತಿ. ಸರಿಯೇ. ಆದರೆ ಆಕೆಗೆ ಮೊದಲ ಕೆಲಸ ಸಿಕ್ಕ ದಿನ ವರ್ಗ 5ರಲ್ಲೇ ಇದ್ದರೆ ಇಬ್ಬರ ತೆರಿಗೆ ವಿನಾಯಿತಿಯೂ ಗಂಡನ ಕಡೆ ಇರುತ್ತದೆ, ಆಕೆಯ ಪಗಾರದಿಂದ ವಿಪರೀತ ಕಡಿತವಾಗುತ್ತದೆ. ಪಗಾರ ಚೀಟಿ ನೋಡಿ "ಇಷ್ಟಕ್ಕಾಗಿ ಯಾಕೆ ದುಡೀಬೇಕು" ಅಂತ ಮನೆಯಲ್ಲಿ ಮಾತು ಹುಟ್ಟುತ್ತದೆ. ವರ್ಷದ ಕೊನೆಗೆ ಇಬ್ಬರೂ ಸೇರಿ ರಿಟರ್ನ್ ಹಾಕಿದರೆ ಒಟ್ಟು ತೆರಿಗೆ ಅಷ್ಟೇ. ಚೀಟಿಯ ಮೇಲೆ ಮಾತ್ರ ಅವಳ ದುಡಿಮೆ ಸಣ್ಣದಾಗಿ ಕಾಣುತ್ತದೆ. ಕೆಲಸ ಖಾತ್ರಿಯಾದ ಕೂಡಲೇ 4-4ಕ್ಕೆ, ಅಂದರೆ ಇಬ್ಬರಿಗೂ ವರ್ಗ 4ಕ್ಕೆ, ಬದಲಾಯಿಸಲಿ, ಆನ್‌ಲೈನ್‌ನಲ್ಲೇ ಆಗುತ್ತದೆ. ಮುಂದೆ ಕೂಸು ಆದಾಗ ಸಿಗುವ ಪೋಷಕರ ಭತ್ಯೆಯೂ ಕೈಗೆ ಬಂದ ಪಗಾರದ ಮೇಲೇ ಲೆಕ್ಕವಾಗುತ್ತದೆ, ಅದಕ್ಕೂ ವರ್ಗ 5 ನಷ್ಟ.

ಗೋಕಾಕ ನಾಕಾ

ಅಮೆರಿಕದ ಮಾತು ಬಿಡ್ತೀನ್ರಿ. ಹಂಗಾರ ಮಿನಿಜಾಬ್ ಮಾಡಲಿ ಆಕಿ. ಸೂಪರ್ ಮಾರ್ಕೆಟ್‌ನ್ಯಾಗ, ಬೇಕರಿಯೊಳಗ ಸಿಗ್ತಾವಂತ. ಕೈಯಾಗ ರೊಕ್ಕಾನೂ ಆತು, ಭಾಷಾನೂ ಬಂತು.

ಮಲಪ್ರಭಾ ದಂಡೆ

ಅರ್ಧ ಒಪ್ಪುತ್ತೇನೆ. 2026ರಲ್ಲಿ ತಿಂಗಳಿಗೆ 603 ಯೂರೋವರೆಗೆ ಮಿನಿಜಾಬ್ ಆಗುತ್ತದೆ, ಗಂಡ ಸರಕಾರಿ ಆರೋಗ್ಯ ವಿಮೆಯಲ್ಲಿದ್ದರೆ ಹೆಂಡತಿಗೆ ಸಿಗುವ ಪುಕ್ಕಟೆ ವಿಮೆಯೂ ಹಾಗೇ ಮುಂದುವರಿಯುತ್ತದೆ. ಶನಿವಾರ ಬೇಕರಿಯಲ್ಲಿ ನಿಂತರೆ ಮಾತಿನ ಭಯ ಹೋಗುತ್ತದೆ, ನಿಜ. ಆದರೆ ವಾರದ ದಿನ ಬೆಳಗಿನ ಪಾಳಿ ಒಪ್ಪಿಕೊಂಡರೆ ಕೋರ್ಸು ತಪ್ಪುತ್ತದೆ. ಎಂ.ಟೆಕ್ ಓದಿದ ಎಷ್ಟೋ ಜನ ಅದೇ ಕೌಂಟರಿನಲ್ಲಿ ನಿಂತುಬಿಟ್ಟಿದ್ದಾರೆ. ಹಾಗಾಗಿ ಕೋರ್ಸು ಮೊದಲು, ಮಿನಿಜಾಬ್ ಶನಿವಾರಕ್ಕೆ.

ಕೃಷ್ಣಾ ತೀರ

ಕೋರ್ಸು ಶುರುವಾದ ಮ್ಯಾಲೆ ಎರಡನೇ ಜಗಳ ಬರ್ತದ, ಅದನ್ನೂ ಹೇಳಿಬಿಡ್ತೀನಿ. ಆಕಿ ಮನ್ಯಾಗ ಇದ್ದಳಂತ ಅಡಿಗಿ, ಭಾಂಡಿ, ಅರಬಿ, ಕಸ ಬ್ಯಾರೆ ಬ್ಯಾರೆ ಡಬ್ಬಿಗೆ ಹಾಕೂದು, ಎಲ್ಲಾ ಆಕಿ ತಲಿ ಮ್ಯಾಲೆ ಬಂದಿರ್ತದ. ಬೆಳಗಾವ್ಯಾಗ ಭಾಂಡಿ ತಿಕ್ಕಾಕ ಬಾಯಿ ಇದ್ದಳು, ಅತ್ತಿ ಇದ್ರು. ಕೋರ್ಸು ಅಂದ್ರ ಮುಂಜಾನೆ ನಾಲ್ಕು ತಾಸು ಕ್ಲಾಸು, ಮನಿಗೆ ಬಂದು ಎರಡು ತಾಸು ಅಭ್ಯಾಸ. ಮನಿಗೆಲಸದ ಹಂಚಿಕಿ ಮಾತ್ರ ಹಳೇದ ಉಳೀತದ. ಮೂರನೇ ತಿಂಗಳಿಗೆ ಕ್ಲಾಸ್ ತಪ್ಪಾಕ ಹತ್ತತಾವ, "ನನ್ನ ಕಡಿಂದ ಆಗೂದಿಲ್ಲ" ಅಂತಾರ. ಭಾಷಾ ಕಠಿಣ ಅಂತ ಎಲ್ಲಾರೂ ತಿಳೀತಾರ, ಖರೇ ಅಂದ್ರ ವ್ಯಾಳೆ ಸಾಲಂಗಿಲ್ಲ. ಕೋರ್ಸಿನ ಮೊದಲನೇ ದಿನಾನ ವಾರದಾಗ ಮೂರು ರಾತ್ರಿ ಅಡಿಗಿ ಅವಂದು ಅಂತ ಗೋಡಿಗೆ ಬರದು ಹಚ್ಚಲಿ. ಅವಗ ರೊಟ್ಟಿ ಬಡಿಯಾಕ ಬರದಿದ್ರ ಅನ್ನ ಸಾರು ಮಾಡಲಿ.

ಇನ್ನೊಂದು, ಕಾಗದಪತ್ರ. ಪೋಸ್ಟ್ ಬಂದ್ರ ಅವ ತಗೀತಾನ, ಫೋನ್ ಬಂದ್ರ ಅವ ಮಾತಾಡ್ತಾನ. ಒಂದೊಂದಾಗಿ ಆಕಿ ಹೆಸರಿಗೆ ಬರಲಿ. ಮೊದಲ ಡಾಕ್ಟರ್ ಅಪಾಯಿಂಟ್‌ಮೆಂಟ್ ಆಕಿನ ತಗೊಳ್ಳಲಿ, ನಾಲ್ಕು ಸಾಲು ಬರಕೊಂಡು ಓದಿದ್ರೂ ಸಾಕು. ಗಂಡ ಬಾಜೂಕ ಕೂತು ತಿದ್ದಬಾರದು.

ವಿದ್ಯಾಗಿರಿ ಅಕ್ಕ

ನಿನ್ನೆ ರಾತ್ರಿ ಆಕಿ ಜೋಡಿ ಮಾತಾಡಿದ್ನಿ. ಕೆಲಸದ ಸುದ್ದಿ ತಗೀಲಿಲ್ಲ, ಕಾರ್ಡಿನ ತಾರೀಖು ಅಷ್ಟ ಕೇಳಿದ್ನಿ. ಹೋಗಿ ಎರಡು ತಿಂಗಳ ಮ್ಯಾಲೆ ಕೊಟ್ಟಿದ್ದಂತ, ಅಂದ್ರ ಇನ್ನೂ ನಾಲ್ಕು ತಿಂಗಳು ಉಳದೈತಿ. ವಿಡಿಯೋ ಹಚ್ಚಿಟ್ಟು ಫೈಲು ತಗದಳು. ಬಾಡಿಗಿ ಕರಾರಿನ ಹಿಂದ, ಪ್ಲಾಸ್ಟಿಕ್ ಕವರಿನ್ಯಾಗ, ನೀವು ಹೇಳಿದ ಹಾಳಿ ಮಡಚಿದಂಗ ಇತ್ರಿ. ಅವ ಬಂದು ನೋಡಿ "ಇದು ವಿಮಾದ್ದು ಅಂತ ತಿಳಿದಿದ್ನಿ" ಅಂದ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಅಪ್ಪ ಇನ್ನೂ ಕರಿಸೂ ಮಾತ ಹೇಳ್ತಾನ. ನಾಲ್ಕೈದು ತಿಂಗಳು ಇಲ್ಲಿ ಬಂದು ಇದ್ರ ಕಾರ್ಡ್ ಹೋಗ್ತೇತೇನ್ರಿ? ಇಲ್ಲೇ ಜರ್ಮನ್ ಕಲೀಬಹುದಲ್ಲ?

ಮಲಪ್ರಭಾ ದಂಡೆ

ಬ್ಲೂ ಕಾರ್ಡ್ ಕುಟುಂಬಕ್ಕೆ ಹೊರಗೆ 12 ತಿಂಗಳವರೆಗೆ ಅವಕಾಶ ಇದೆ, ಬೇರೆಯವರಿಗೆ 6. ಆದರೆ ವಾಪಸ್ ಬರುವುದಿಲ್ಲ ಅನ್ನುವ ಹಾಗೆ ಹೋದರೆ, ಅಂದರೆ ಜರ್ಮನಿಯ ವಿಳಾಸ ರದ್ದು ಮಾಡಿಸಿ ಭಾರತದಲ್ಲಿ ಕೆಲಸಕ್ಕೆ ಸೇರಿದರೆ, ಅಷ್ಟು ದಿನವೂ ಕಾಯದೆ ಪರವಾನಗಿ ಬಿದ್ದುಹೋಗಬಹುದು. ಹೋಗುವ ಮುಂಚೆ ಕಚೇರಿಯಿಂದ ಬರೆಸಿಕೊಳ್ಳುವುದು ಒಳ್ಳೆಯದು.

ಇವರ ಸ್ಥಿತಿಯಲ್ಲಿ ಊರಿಗೆ ಹೋದರೆ ಕೋರ್ಸಿನ ಹಕ್ಕಿನ ಆ ನಾಲ್ಕು ತಿಂಗಳು ಅಲ್ಲೇ ಕರಗುತ್ತವೆ. ಮೊದಲು ಫೋಲ್ಕ್ಸ್‌ಹೋಖ್‌ಶೂಲೆಯಲ್ಲಿ, ಅಂದರೆ ಊರಿನ ಜನರ ಶಾಲೆಯಲ್ಲಿ, ಹಾಳೆ ತೋರಿಸಿ ಹೆಸರು ಹಚ್ಚಲಿ. ಮಟ್ಟ ನೋಡುವ ಪರೀಕ್ಷೆ ಮಾಡುತ್ತಾರೆ, ಬ್ಯಾಚು ತಡವಾಗಿ ಶುರುವಾದರೂ ಹೆಸರು ಹಚ್ಚಿದ್ದು ವರ್ಷದೊಳಗೆ ಆಗಿರಬೇಕು. ನಡುವಿನ ವಾರಗಳಲ್ಲಿ ಬೇಕಾದರೆ ಊರಿಗೆ ಬಂದು ಹೋಗಲಿ.

ಇನ್ನೂ ಹೊರಡದವರು ಯಾರಾದರೂ ಓದುತ್ತಿದ್ದರೆ: ಎ1, ಎ2 ಭಾರತದಲ್ಲೇ ಮುಗಿಸಿ ಬನ್ನಿ. ಬೆಳಗಾವಿ, ವಿಜಯಪುರದವರಿಗೆ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಬೆಂಗಳೂರಿಗಿಂತ ಪುಣೆಯದೇ ಹತ್ತಿರ, ಆನ್‌ಲೈನ್ ಕ್ಲಾಸೂ ಇವೆ.

ಹಿಡಕಲ್ ನೀರು

ನಾನು ಸ್ಟ್ರಕ್ಚರಲ್ ಕ್ಷೇತ್ರದವನು. ಭಾಷೆ ಕಲಿಯುವ ಎಂಟೊಂಬತ್ತು ತಿಂಗಳು ಮೇಡಂ ತಮ್ಮ ವಿಷಯದಿಂದ ದೂರ ಇರಬಾರದು. ಅವರು ಪಾಠ ಮಾಡಿದ್ದು ನಮ್ಮ ಕಾಂಕ್ರೀಟ್ ವಿನ್ಯಾಸದ ನಿಯಮ ಐಎಸ್ 456, ಅಲ್ಲಿ ನಡೆಯುವುದು ಯೂರೋಕೋಡ್ 2. ಕಾಂಕ್ರೀಟಿನ ಶಾಸ್ತ್ರ ಒಂದೇ, ಸುರಕ್ಷತಾ ಗುಣಾಂಕ, ಸಂಕೇತ, ಕಬ್ಬಿಣ ಹೆಣೆಯುವ ವಿವರ ಬೇರೆ. ನಮ್ಮಲ್ಲಿ ಎಂ25 ಅಂದರೆ 150 ಮಿ.ಮೀ. ಘನದ ಬಲ, ಅಲ್ಲಿ ಸಿ20/25 ಅಂದರೆ ಮೊದಲ ಅಂಕಿ ಸಿಲಿಂಡರಿನದು, ಎರಡನೆಯದು ಘನದ್ದು, ಸೂತ್ರದಲ್ಲಿ ಸಿಲಿಂಡರಿನದೇ ಹಾಕಬೇಕು. ಇಂಥವನ್ನು ತಾವೇ ಒಂದು ತೊಲೆ, ಒಂದು ಕಂಬ ಎರಡೂ ಪದ್ಧತಿಯಲ್ಲಿ ಮಾಡಿ ನೋಡಿದರೆ ಸಂದರ್ಶನಕ್ಕೆ ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ. ಜರ್ಮನ್ ಶಬ್ದಗಳೂ ಜೋಡಿಯಾಗಿ ಬರುತ್ತವೆ. ರೆವಿಟ್ ಸಾಫ್ಟ್‌ವೇರಿನಲ್ಲಿ ಕಟ್ಟಡದ ಮಾದರಿ ಮಾಡುವ ಕೆಲಸ ಕೆಲವು ಕಡೆ ಬಿ1ಗೂ ಸಿಗುತ್ತದೆ.

ಇನ್ನು ಕಾಲೇಜಿನವರು ಕೊಟ್ಟ ಅನುಭವ ಪತ್ರದಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅಷ್ಟೇ ಇರುತ್ತದೆ. ಜರ್ಮನಿಯಲ್ಲಿ ಏನು ಕೆಲಸ ಮಾಡಿದರು ಅಂತ ವಿವರ ಬೇಕು: ಯಾವ ವಿಷಯ, ಯಾವ ಲ್ಯಾಬ್, ಎಷ್ಟು ಪ್ರಾಜೆಕ್ಟಿಗೆ ಮಾರ್ಗದರ್ಶನ, ಹೊರಗಿನ ವಿನ್ಯಾಸ ಪರಿಶೀಲನೆ ಮಾಡಿದ್ದರೆ ಅದು. ಪ್ರಾಂಶುಪಾಲರ ಸಹಿಯೊಂದಿಗೆ ಒಂದು ಪುಟ ಸಾಕು. ಹಳೇ ಎಚ್‌ಒಡಿ ಬದಲಾಗುವ ಮುಂಚೆ ತರಿಸಿಕೊಳ್ಳಿ.

ಸಿದ್ಧೇಶ್ವರ ರಸ್ತೆ

ಎಲ್ಲಾ ಸರಿ. ಆದ್ರ ವಾಪಸ್ ಬರೂ ದಿನಾನೂ ಗೊತ್ತು ಮಾಡ್ಕೋಬೇಕು. "ಬಿ2 ಆಗಿ ಆರು ತಿಂಗಳಾದ್ರೂ ಕೆಲಸ ಸಿಗಲಿಲ್ಲಂದ್ರ ಇಬ್ಬರೂ ವಾಪಸ್" ಅಂತ. ತಾರೀಖಿಲ್ಲದ ಕಾಯೂದು ಮನಷ್ಯಾನ್ನ ತಿಂದು ಹಾಕ್ತದ.

ಕೃಷ್ಣಾ ತೀರ

ನಾ ಒಪ್ಪೂದಿಲ್ಲ ಅಣ್ಣಾರ. ತಾರೀಖು ಇಟ್ರ ಅವ ಅದನ್ನ ಬೆದರಿಕಿ ಅಂತ ತಿಳೀತಾನ, ಈಕಿ ಕಲಿಯೂದು ಬಿಟ್ಟು ದಿನ ಎಣಸ್ತಾಳ. ಬಿ1 ಪರೀಕ್ಷಾ ಆದ ವಾರ ಕೂತು ಮಾತಾಡೂದು ಅಂತ ಇಟ್ರ ಸಾಕು.

ಸಿದ್ಧೇಶ್ವರ ರಸ್ತೆ

ಮಾತಾಡೂದು ಬ್ಯಾರೆ, ನಿರ್ಣಯ ಬ್ಯಾರೆ. ಕೆಲಸ ಇದ್ದವ "ನೋಡೂಣು" ಅಂದ್ರ ಅವಗೇನೂ ಹೋಗಂಗಿಲ್ಲ. ಕಾಯೂದು ಕೆಲಸ ಇಲ್ಲದವರ ಪಾಲಿಗೆ. ಅದಕ್ಕ ಬರದಿಡ್ರಿ ಅಂತೀನಿ.

ಮಲಪ್ರಭಾ ದಂಡೆ

ಅದನ್ನು ಅವರಿಬ್ಬರೇ ನಿರ್ಧರಿಸಲಿ. ಮೂರನೆಯವರ ಎದುರು ಮಾತಾಡುವುದು ಸುಲಭ ಅನಿಸಿದರೆ ವಲಸಿಗರಿಗೆ ಪುಕ್ಕಟೆ ಸಲಹೆ ಕೊಡುವ ಕೇಂದ್ರಗಳಿವೆ. ಕಾರಿಟಾಸ್, ಡಿಯಾಕೋನಿ, ಎಡಬ್ಲ್ಯೂಒ ಇಂಥ ಸಂಸ್ಥೆಗಳು ನಡೆಸುತ್ತವೆ, ಸರಕಾರದ ಹಣ. ಕೋರ್ಸು, ಡಿಗ್ರಿ, ಕುಟುಂಬ ಎಲ್ಲದಕ್ಕೂ ಹೋಗಬಹುದು, ಇಂಗ್ಲಿಷ್ ನಡೆಯುತ್ತದೆ.

ಫೋನ್ ಎತ್ತದಿರುವುದು, ಊಟ ನಿದ್ದೆ ಕೆಡುವುದು ವಾರಗಟ್ಟಲೆ ಇದ್ದರೆ ಅದನ್ನು ಜಗಳ ಅಂತ ಬಿಡಬೇಡಿ. ಮನೆ ವೈದ್ಯರಿಗೆ ಹೇಳಲಿ, ಇಲ್ಲವೇ ವೈದ್ಯರ ಭೇಟಿ ಗೊತ್ತುಮಾಡುವ 116117 ಸಂಖ್ಯೆಗೆ ಕರೆ ಮಾಡಿ ಮನೋಚಿಕಿತ್ಸೆಯ ಮೊದಲ ಭೇಟಿ ಕೇಳಲಿ. ಸರಕಾರಿ ವಿಮೆ ಖರ್ಚು ಕೊಡುತ್ತದೆ, ಆದರೆ ಮುಂದಿನ ಚಿಕಿತ್ಸೆಗೆ ತಿಂಗಳುಗಟ್ಟಲೆ ಕಾಯಬೇಕಾಗುವುದು ಸಾಮಾನ್ಯ. ಹಾಗಾಗಿ ಈಗಲೇ ಸಾಲಿನಲ್ಲಿ ನಿಲ್ಲಲಿ.

ಶಾಪೂರ ಸೀರಿ

ನಾ ಮೊದಲ ಹಂಗ ಬರದಿದ್ದೆ, ತಪ್ಪು ತಿಳೀಬ್ಯಾಡ್ರಿ. ಅಲ್ಲಿ ನಮ್ಮ ಕನ್ನಡದವರ ಸಂಘ ಇರಬೇಕಲ್ಲ, ಹೋಗಲಿ ಆಕಿ.

ಕೃಷ್ಣಾ ತೀರ

ಅವಶ್ಯ ಹೋಗಲಿ ವೈನಿ. ಆದ್ರ ಸಂಘ ಅಂದ್ರ ಯುಗಾದಿ, ರಾಜ್ಯೋತ್ಸವ, ದೀಪಾವಳಿ. ನಡುವಿನ ತಿಂಗಳು ಹಂಗ ಉಳೀತಾವ. ಗೆಳತ್ಯಾರು ಆಗೂದು ವಾರ ವಾರ ಅದ ಮಾರಿ ನೋಡಿದ್ರ. ಕೋರ್ಸಿನ್ಯಾಗ ಸಿರಿಯಾ, ಉಕ್ರೇನ್, ಬ್ರೆಜಿಲ್‌ದಾಕಿ ಜೋಡಿ ಕೂತಿರ್ತಾಳ, ಮಾತಾಡಾಕ ಇಬ್ಬರಿಗೂ ಹರಕು ಮುರುಕು ಜರ್ಮನ್ ಬಿಟ್ರ ಬ್ಯಾರೆ ಗತಿ ಇಲ್ಲ. ಊರಿನ ಆಟದ ಫೆರೈನ್, ಅಂದ್ರ ಕ್ಲಬ್ಬಿಗೂ ಸೇರಲಿ, ಅಲ್ಲಿ ವರ್ಗಣಿ ಕಡಿಮಿ. ಈಕಿ ಕಾಲೇಜಿನ್ಯಾಗ ಥ್ರೋಬಾಲ್ ಆಡ್ತಿದ್ದಳೇನು ಅಕ್ಕಾರ?

ವಿದ್ಯಾಗಿರಿ ಅಕ್ಕ

ವಾಲಿಬಾಲ್ ಆಡ್ತಿದ್ದಳ್ರಿ, ವಿಟಿಯು ಟೂರ್ನಮೆಂಟಿಗೂ ಹೋಗಿದ್ದಳು.

ಸೋಮವಾರ ಆಕಿ ಆ ಶಾಲಿಗೆ ಹೋಗ್ತಾಳಂತ, ಒಬ್ಬಾಕಿನ. ನಾ ಈ ವಾರ ಬೆಳಗಾವಿಗೆ ಹೋಗಿ ಕಾಲೇಜಿನಿಂದ ಅನುಭವದ ಪತ್ರ ಮಾಡಿಸ್ಕೊಂಡು ಬರ್ತೀನಿ. ಮಚ್ಛೆ ವಿಟಿಯು ಆಫೀಸಿನ್ಯಾಗ ಟ್ರಾನ್ಸ್‌ಕ್ರಿಪ್ಟ್ ಆಕಿ ಬದಲಿ ನಾ ತಗೋಬಹುದೇನ್ರಿ?

ಹಿಡಕಲ್ ನೀರು

ಮೊದಲು ಫೋನ್ ಮಾಡಿ ಕೇಳಿ, ಅರ್ಜಿ ಆನ್‌ಲೈನ್‌ನಲ್ಲಿ ಹಾಕಬೇಕಾದರೆ ಮೇಡಂ ಅಲ್ಲಿಂದಲೇ ಹಾಕಲಿ. ನಿಮ್ಮ ಹೆಸರಿಗೆ ಸಹಿ ಮಾಡಿದ ಅಧಿಕಾರ ಪತ್ರ, ಇಬ್ಬರ ಗುರುತಿನ ಚೀಟಿ, ಎಲ್ಲ ಸೆಮಿಸ್ಟರ್ ಅಂಕಪಟ್ಟಿಯ ಪ್ರತಿ ಜೋಡಿ ಇಟ್ಟುಕೊಂಡು ಹೋಗಿ. ಎರಡು ಪ್ರತಿ ತಗೊಳ್ಳಿ, ಒಂದು ಜರ್ಮನಿಗೆ, ಒಂದು ನಿಮ್ಮ ಹತ್ತಿರ ಇರಲಿ. ಬಿ.ಇ. ಟ್ರಾನ್ಸ್‌ಕ್ರಿಪ್ಟೂ ಮರೀಬೇಡಿ, ಡಿಗ್ರಿಯ ಬೆಲೆಕಟ್ಟುವವರು ಬರೀ ಎಂ.ಟೆಕ್ ನೋಡಿ ಬಿಡುವುದಿಲ್ಲ.